ಕಂಪ್ರೆಸರ್ ಹೋಗಿದೆ ಎನ್ನುವ ಮುನ್ನ

ಹುನಗುಂದ ಭಾಗದ ಬೇಸಿಗೆಯನ್ನು ಅನುಭವಿಸಿದವರಿಗೆ ಅದರ ಬಗ್ಗೆ ಹೇಳಬೇಕಾದ್ದಿಲ್ಲ. ಏಪ್ರಿಲ್ ಬಂತೆಂದರೆ ಎರೆ ಹೊಲಗಳು ಬಾಯಿ ಬಿಡುತ್ತವೆ. ಮಧ್ಯಾಹ್ನದ ಹೊತ್ತಿಗೆ ಉಷ್ಣತೆ 40 ಡಿಗ್ರಿ ಮುಟ್ಟುತ್ತದೆ, ಕೆಲವು ದಿನ ಅದನ್ನೂ ದಾಟುತ್ತದೆ. ಹನಿ ನೀರಾವರಿ ಯೋಜನೆಯಿಂದ ಹೆಸರು ಮಾಡಿದ ರಾಮಥಾಳದಲ್ಲಿ ನನ್ನ ಅಕ್ಕನ ಮನೆಯಿದೆ. ಅಕ್ಕನ ಮಾವನವರಿಗೆ ಪಾರ್ಶ್ವವಾಯು ಆಗಿ ಹಾಸಿಗೆ ಹಿಡಿದ ಮೇಲೆ, ಅವರ ಕೋಣೆಗೆಂದು ಒಂದೂವರೆ ಟನ್ನಿನ ಏರ್ ಕಂಡಿಷನರ್ ಒಂದನ್ನು ಕೂಡಿಸಿದ್ದರು. ಅದಕ್ಕೆ ಈಗ ಹತ್ತು ವರ್ಷ.

ಕಳೆದ ಬೇಸಿಗೆಯಲ್ಲಿ ಅದು ಕೈಕೊಟ್ಟಿತು. ಬೆಳಿಗ್ಗೆ ಹಾಕಿದರೆ ಸರಿಯಾಗಿ ನಡೆಯುತ್ತಿತ್ತು. ಮಧ್ಯಾಹ್ನ ಕರೆಂಟ್ ಹೋಗಿ ಬಂದಿತೋ, ಮತ್ತೆ ಶುರುವಾಗುತ್ತಿರಲಿಲ್ಲ. ಹೊರಗಿನ ಪೆಟ್ಟಿಗೆಯಲ್ಲಿ ‘ಗುಂಯ್’ ಎಂದು ನಾಲ್ಕೈದು ಸೆಕೆಂಡು ಸದ್ದು, ಆಮೇಲೆ ‘ಟಕ್’ ಎಂದು ಬಂದ್. ಕೆಲವು ನಿಮಿಷ ಬಿಟ್ಟು ಮತ್ತೆ ಅದೇ ಪುರಾಣ. ನೋಡಲು ಬಂದ ಮೆಕ್ಯಾನಿಕ್ ವಯರಿಗೆ ಟಾಂಗ್ ಟೆಸ್ಟರ್ ಸಿಕ್ಕಿಸಿ, “ಆಂಪ್ಸ್ ಭಾಳ ತೊಗೊಳ್ಳಾಕತ್ತೈತ್ರಿ, ಕಂಪ್ರೆಸರ್ ಹೋಗೇತಿ” ಎಂದು ತೀರ್ಪು ಕೊಟ್ಟು ಹೋದ. ಹೊಸ ಕಂಪ್ರೆಸರ್ ಎಂದರೆ ಸಾವಿರಗಟ್ಟಲೆ ಹಣ. ಮನೆಯಲ್ಲಿ ಇದ್ದದ್ದು ಮಗಳ ಕಾಲೇಜಿನ ಫೀಜಿಗೆಂದು ತೆಗೆದಿಟ್ಟ ದುಡ್ಡು. ಅಕ್ಕ ಫೋನು ಮಾಡಿದ್ದು ಆಗ.

ಅಕ್ಕನ ಮಗ ಐ.ಟಿ.ಐ.ಯಲ್ಲಿ ರೆಫ್ರಿಜರೇಷನ್ ಮತ್ತು ಏರ್ ಕಂಡಿಷನಿಂಗ್ ವಿಭಾಗದ ಎರಡನೆಯ ವರ್ಷದ ವಿದ್ಯಾರ್ಥಿ. ಅವನ ಹತ್ತಿರ ಸ್ವಂತದ ಕ್ಲ್ಯಾಂಪ್ ಮೀಟರು ಇತ್ತು. ಮೆಕ್ಯಾನಿಕ್ ಹೇಳಿದ ಟಾಂಗ್ ಟೆಸ್ಟರ್ ಎಂದರೂ ಅದೇ. “ಮಾಮಾ, ನೀವು ಬಂದು ಬಾಜೂಕ ನಿಂದರ್ರಿ, ನಾ ಅಳೀತೀನಿ” ಎಂದ. ಹೋದೆ. ಆ ದಿನ ನಾವಿಬ್ಬರೂ ಮಾಡಿದ ಕೆಲಸವನ್ನೇ ಈ ವಾರ ಹೇಳಬೇಕೆಂದಿದ್ದೇನೆ. ಆ ಮೆಕ್ಯಾನಿಕ್ ಅಳೆದ ಅಂಕಿ ಸುಳ್ಳಾಗಿರಲಿಲ್ಲ. ಆದರೆ ಆ ಒಂದು ಅಂಕಿಯಿಂದ ಅವನು ಎಳೆದ ಅರ್ಥ ತಪ್ಪಾಗಿತ್ತು.

ಮೀಟರು ಏನು ನೋಡುತ್ತದೆ?

ಕ್ಲ್ಯಾಂಪ್ ಮೀಟರಿಗೆ ಇಕ್ಕಳದಂಥ ಬಾಯಿ ಇರುತ್ತದೆ. ವಯರನ್ನು ಕತ್ತರಿಸದೆ, ಸುಲಿಯದೆ, ಆ ಬಾಯಿಯೊಳಗೆ ಸೇರಿಸಿದರೆ ಸಾಕು. ವಿದ್ಯುತ್ ಹರಿಯುವ ವಯರಿನ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ ಎಂದು ನೀವು ಹೈಸ್ಕೂಲಿನಲ್ಲಿ ಓದಿದ್ದೀರಿ. ಮೀಟರಿನ ಬಾಯಿ ಆ ಕ್ಷೇತ್ರವನ್ನು ಹಿಡಿದು ಇಷ್ಟು ಆಂಪಿಯರ್ ಎಂದು ತೋರಿಸುತ್ತದೆ.

ಹೊಸಬರು ಎಡವುವುದು ಇಲ್ಲಿಯೇ. ಏ.ಸಿ.ಯ ಪ್ಲಗ್ಗಿಗೆ ಹೋಗುವ ದಪ್ಪ ಕೇಬಲನ್ನು ಇಡಿಯಾಗಿ ಬಾಯಿಯೊಳಗೆ ಹಾಕಿದರೆ ಮೀಟರು ಸೊನ್ನೆ ತೋರಿಸುತ್ತದೆ. ಕೇಬಲಿನೊಳಗೆ ಫೇಸ್ ಮತ್ತು ನ್ಯೂಟ್ರಲ್ ಎರಡೂ ಇವೆ. ಒಂದರಲ್ಲಿ ಹೋದಷ್ಟೇ ವಿದ್ಯುತ್ತು ಇನ್ನೊಂದರಲ್ಲಿ ಮರಳುತ್ತದೆ, ಎರಡರ ಕಾಂತಕ್ಷೇತ್ರಗಳೂ ಒಂದನ್ನೊಂದು ಅಳಿಸಿಹಾಕುತ್ತವೆ. ಆದ್ದರಿಂದ ಬಾಯಿಯೊಳಗೆ ಒಂದೇ ವಯರು ಇರಬೇಕು. ಮೀಟರಿನಲ್ಲಿ 400 ಆಂಪಿಯರಿನ ರೇಂಜ್, 40 ಆಂಪಿಯರಿನ ರೇಂಜ್ ಎಂದು ಎರಡಿದ್ದರೆ ನಮ್ಮ ಕೆಲಸಕ್ಕೆ ಚಿಕ್ಕದೇ ತಕ್ಕದ್ದು. ದೊಡ್ಡ ರೇಂಜಿನಲ್ಲಿ ಎರಡು ಮೂರು ಆಂಪಿಯರ್ ಅಳೆಯುವುದೆಂದರೆ ಕಾಳಿನ ಚೀಲ ತೂಗುವ ಕಾಟಾದಲ್ಲಿ ಏಲಕ್ಕಿ ತೂಗಿದ ಹಾಗೆ.

ಇನ್ನು ಅಂಕಿಯನ್ನು ಯಾವುದಕ್ಕೆ ಹೋಲಿಸಬೇಕು? ಹೊರಗಿನ ಪೆಟ್ಟಿಗೆಯ ಪಕ್ಕಕ್ಕೆ ಅಂಟಿಸಿದ ತಗಡಿನ ಪಟ್ಟಿಗೆ. ನಮ್ಮ ಯಂತ್ರದ ಪಟ್ಟಿಯ ಮೇಲೆ 230 ವೋಲ್ಟ್, 50 ಹರ್ಟ್ಜ್, 7.8 ಆಂಪಿಯರ್ ಎಂದಿತ್ತು. ಇದು ಇಡೀ ಯಂತ್ರದ ಲೆಕ್ಕ. ಕಂಪ್ರೆಸರ್, ಹೊರಗಿನ ಫ್ಯಾನು, ಒಳಗಿನ ಫ್ಯಾನು ಎಲ್ಲವೂ ಅದರಲ್ಲಿ ಸೇರಿವೆ. ಆದ್ದರಿಂದ ಇದರ ಜತೆ ಹೋಲಿಸಲು ಒಳಬರುವ ಮುಖ್ಯ ಫೇಸ್ ವಯರನ್ನೇ ಅಳೆಯಬೇಕು. ಇನ್ನೊಂದು ವಿಷಯ: ನಮ್ಮ ದೇಶದ ಪ್ರಮಾಣಿತ ಪರೀಕ್ಷೆಯಲ್ಲಿ ಹೊರಗಿನ ಗಾಳಿ 35 ಡಿಗ್ರಿ, ಒಳಗಿನದು 27 ಡಿಗ್ರಿ ಎಂದು ಇಟ್ಟುಕೊಂಡು ಈ ಅಂಕಿ ಕಟ್ಟುತ್ತಾರೆ. ರಾಮಥಾಳದ ಏಪ್ರಿಲ್ ಮಧ್ಯಾಹ್ನ 35ಕ್ಕೆ ನಿಲ್ಲುವುದಿಲ್ಲ. ಹೊರಗೆ ಬಿಸಿ ಹೆಚ್ಚಿದಷ್ಟೂ ಕಂಪ್ರೆಸರ್ ಹೆಚ್ಚು ಒತ್ತಡಕ್ಕೆ ಎದುರಾಗಿ ದುಡಿಯಬೇಕು, ಆಂಪಿಯರ್ ತುಸು ಏರುತ್ತದೆ. ಪಟ್ಟಿಗಿಂತ ಅರ್ಧ ಆಂಪಿಯರ್ ಹೆಚ್ಚು ಕಂಡ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ.

ಮೊದಲ ಅಂಕಿ

ಬೆಳಿಗ್ಗೆ ಒಂಬತ್ತರ ಸುಮಾರಿಗೆ ಯಂತ್ರವನ್ನು ಚಾಲೂ ಮಾಡಿ ಹದಿನೈದು ನಿಮಿಷ ಬಿಟ್ಟೆವು. ಶುರುವಾದ ಕೂಡಲೇ ಅಳೆದ ಅಂಕಿಗೆ ಬೆಲೆಯಿಲ್ಲ. ಒತ್ತಡಗಳು ಒಂದು ಹದಕ್ಕೆ ಬರಲು ಅಷ್ಟು ಹೊತ್ತು ಬೇಕು. ಆಮೇಲೆ ಅಳೆದರೆ ವೋಲ್ಟೇಜು 224, ಆಂಪಿಯರ್ 9.4. ಪಟ್ಟಿಯದಕ್ಕಿಂತ ಒಂದೂವರೆ ಆಂಪಿಯರಿಗೂ ಹೆಚ್ಚು, ಅದೂ ಬಿಸಿಲು ಏರುವ ಮೊದಲೇ.

“ಅಂದ್ರ ಮೆಕ್ಯಾನಿಕ್ ಹೇಳಿದ್ದು ಖರೇನ ಅಲ್ಲೇನು?” ಎಂದರು ಬಾವನವರು. ಅವರು ಹೊಲದ ಪಂಪ್‌ಸೆಟ್ಟಿನ ಪ್ಯಾನಲ್ಲಿನಲ್ಲಿ ಆಂಪ್ಸ್ ಮುಳ್ಳು ನೋಡಿಯೇ ಮೋಟರಿನ ಯೋಗಕ್ಷೇಮ ಹೇಳುವವರು.

“ಅಪ್ಪಾ, ಹೊಲದಾಗ ಆಂಪ್ಸ್ ಏರಿದ್ರ ನೀ ಮೊದಲ ಏನ ನೋಡ್ತಿ?” ಎಂದು ಹುಡುಗ ಕೇಳಿದ.

“ವೋಲ್ಟೇಜ್ ನೋಡ್ತೀನಿ. ಆಮ್ಯಾಲ ಮೋಟರ್ ಎಲ್ಲರ ಬಿಗಿ ಹಿಡದೈತೇನು ನೋಡ್ತೀನಿ.”

“ಇಲ್ಲೀನೂ ಹಂಗ.”

ಹುಡುಗನ ಮಾತು ಸರಿ. ಆಂಪಿಯರ್ ಏರಿದೆ ಎಂದರೆ ಮೋಟರು ಕಷ್ಟಪಡುತ್ತಿದೆ ಎಂದರ್ಥ. ಯಾಕೆ ಕಷ್ಟಪಡುತ್ತಿದೆ ಎಂಬುದನ್ನು ಅಂಕಿ ಹೇಳುವುದಿಲ್ಲ. ಮುಖ್ಯವಾಗಿ ನಾಲ್ಕು ಕಾರಣಗಳಿರಬಹುದು. ವೋಲ್ಟೇಜು ಕಡಿಮೆಯಿರಬಹುದು. ಹೊರಗಿನ ಪೆಟ್ಟಿಗೆಯ ಜಾಲರಿಗೆ ಧೂಳು ಮೆತ್ತಿ ಬಿಸಿ ಹೊರಗೆ ಹೋಗದಿರಬಹುದು. ಕೆಪ್ಯಾಸಿಟರ್ ಸೊರಗಿರಬಹುದು. ಕೊನೆಯದಾಗಿ ಕಂಪ್ರೆಸರೇ ಸವೆದಿರಬಹುದು. ಮೊದಲ ಮೂರನ್ನು ಒಂದೊಂದಾಗಿ ತಳ್ಳಿಹಾಕದೆ ನಾಲ್ಕನೆಯದಕ್ಕೆ ಹೋಗುವುದು ತರವಲ್ಲ.

ವೋಲ್ಟೇಜು 224 ಇತ್ತು, ತಕರಾರಿಲ್ಲ. ಜಾಲರಿಯಲ್ಲಿ ಧೂಳು ಇದ್ದದ್ದು ನಿಜ. ಎರೆ ಸೀಮೆಯ ನಯವಾದ ಮಣ್ಣು ಕಂಬಳಿಯಂತೆ ಹೊದ್ದುಕೊಂಡಿತ್ತು. ಕರೆಂಟ್ ಬಂದ್ ಮಾಡಿ, ವಯರಿನ ಕಡೆಗೆ ಹಾರದಂತೆ ಮೆಲ್ಲಗೆ ನೀರು ಬಿಟ್ಟು ತೊಳೆದು, ಒಣಗಲು ಬಿಟ್ಟು ಮತ್ತೆ ಅಳೆದೆವು. 9.4 ಇದ್ದದ್ದು 8.9ಕ್ಕೆ ಇಳಿಯಿತು. ಒಂದಿಷ್ಟು ಕಳ್ಳ ಸಿಕ್ಕ. ಪೂರ್ತಿ ಕಳ್ಳ ಸಿಗಲಿಲ್ಲ.

ಬೀಸುವ ಕಲ್ಲಿನ ಪಾಠ

ಮುಂದಿನ ಪರೀಕ್ಷೆ ತಿಳಿಯಬೇಕಾದರೆ ಕೆಪ್ಯಾಸಿಟರಿನ ಕೆಲಸ ತಿಳಿಯಬೇಕು. ಮನೆಯ ಸಿಂಗಲ್ ಫೇಸ್ ಕರೆಂಟು ಒಂದೇ ಗೆರೆಯಲ್ಲಿ ಹಿಂದೆ ಮುಂದೆ ತೂಗುವಂಥದು. ಅದೊಂದರಿಂದಲೇ ಮೋಟರು ನಿಂತಲ್ಲಿಂದ ತಿರುಗಲಾರದು, ನಡುಗುತ್ತ ‘ಗುಂಯ್’ ಎನ್ನುತ್ತದೆ ಅಷ್ಟೇ. ಇಬ್ಬರು ಹೆಣ್ಣುಮಕ್ಕಳು ಎದುರುಬದುರು ಕುಳಿತು ಜೋಳ ಬೀಸುವುದನ್ನು ನೆನಪು ಮಾಡಿಕೊಳ್ಳಿ. ಗೂಟ ಒಂದೇ, ಕೈ ಎರಡು. ಇಬ್ಬರೂ ಒಂದೇ ಕ್ಷಣಕ್ಕೆ ತಮ್ಮ ತಮ್ಮ ಕಡೆಗೆ ಎಳೆದರೆ ಕಲ್ಲು ಅಲುಗದು. ಒಬ್ಬಳು ಎಳೆದ ಬೆನ್ನಿಗೆ ಇನ್ನೊಬ್ಬಳು ಕೈಗೂಡಿಸಿದರೆ ಕಲ್ಲು ತಿರುಗುತ್ತದೆ.

ಕಂಪ್ರೆಸರಿನ ಮೋಟರಿನಲ್ಲಿಯೂ ಎರಡು ಸುರುಳಿಗಳಿವೆ. ಮುಖ್ಯ ಸುರುಳಿ ಒಂದು, ಸಹಾಯಕ ಸುರುಳಿ ಒಂದು. ಕೆಪ್ಯಾಸಿಟರು ಸಹಾಯಕ ಸುರುಳಿಯ ದಾರಿಯಲ್ಲಿ ಕುಳಿತು, ಅದರ ವಿದ್ಯುತ್ತನ್ನು ಮುಖ್ಯ ಸುರುಳಿಯದಕ್ಕಿಂತ ಸ್ವಲ್ಪ ಮುಂಚೆ ನಡೆಸುತ್ತದೆ. ಇಬ್ಬರ ಕೈಗೂ ಹೊತ್ತು ಹೊಂದಿಸಿಕೊಡುವುದು ಅದೇ. ಅದು ಸೊರಗಿದರೆ ಸಹಾಯಕ ಸುರುಳಿಗೆ ಹರಿಯುವ ವಿದ್ಯುತ್ತು ಇಳಿಯುತ್ತದೆ, ಎರಡನೆಯವಳ ಕೈ ಸೋಲುತ್ತದೆ. ಆಗ ಭಾರವೆಲ್ಲ ಮುಖ್ಯ ಸುರುಳಿಯ ಮೇಲೆ ಬಿದ್ದು ಒಟ್ಟು ಆಂಪಿಯರ್ ಏರುತ್ತದೆ. ಶುರುವಾಗುವಾಗಿನ ತಿರುಗುಬಲವಂತೂ ಬಹಳ ಕುಗ್ಗುತ್ತದೆ.

ಬೆಳಿಗ್ಗೆ ನಡೆದು ಮಧ್ಯಾಹ್ನ ಯಾಕೆ ನಿಂತಿತು ಎಂಬುದಕ್ಕೂ ಇಲ್ಲಿ ಉತ್ತರವಿದೆ. ಬೆಳಿಗ್ಗೆ ಕಂಪ್ರೆಸರಿನ ಎರಡೂ ಕಡೆ ಗ್ಯಾಸಿನ ಒತ್ತಡ ಸಮನಾಗಿರುತ್ತದೆ, ಅರೆಬಲದಲ್ಲಿಯೂ ಅದು ತಿರುಗಿಕೊಳ್ಳುತ್ತದೆ. ಮಧ್ಯಾಹ್ನ ನಡೆಯುತ್ತಿರುವಾಗಲೇ ಕರೆಂಟ್ ಹೋಗಿ ನಿಮಿಷದೊಳಗೆ ಬಂದರೆ ಒಂದು ಕಡೆ ಒತ್ತಡ ಇನ್ನೂ ತುಂಬಿಕೊಂಡಿರುತ್ತದೆ. ಅದನ್ನು ನೂಕಿ ತಿರುಗಲು ಪೂರ್ತಿ ಬಲ ಬೇಕು. ಅದಕ್ಕೆಂದೇ ಒಳ್ಳೆಯ ಸ್ಟೆಬಿಲೈಸರುಗಳು ಕರೆಂಟ್ ಬಂದ ಮೇಲೆ ಮೂರು ನಿಮಿಷದಷ್ಟು ತಡೆದು ಬಿಡುತ್ತವೆ. ಅಕ್ಕನ ಮನೆಯ ಸ್ಟೆಬಿಲೈಸರಿನಲ್ಲಿ ಆ ತಡೆ ಕೆಟ್ಟಿತ್ತು.

ಮಾತಿನ ಗೊಂದಲ ಒಂದಿದೆ. ನಮ್ಮ ಕಡೆ ಫ್ಯಾನಿನ ಕೆಪ್ಯಾಸಿಟರಿಗೆ ‘ಕಂಡೆನ್ಸರ್’ ಎನ್ನುವ ರೂಢಿ. ಏ.ಸಿ.ಯಲ್ಲಿ ಕಂಡೆನ್ಸರ್ ಎಂದರೆ ಬಿಸಿ ಹೊರಹಾಕುವ ಜಾಲರಿ. ‘ಕಂಡೆನ್ಸರ್ ವೀಕ್ ಐತಿ’ ಎಂದು ಯಾರಾದರೂ ಹೇಳಿದರೆ ಯಾವುದು ಎಂದು ಕೇಳಿಕೊಳ್ಳಿ. ನೂರರ ಲೆಕ್ಕಕ್ಕೂ ಸಾವಿರದ ಲೆಕ್ಕಕ್ಕೂ ಅಲ್ಲಿ ಅಂತರವಿದೆ.

ನಡೆಯುವಾಗಲೇ ಅಳೆಯುವುದು

ಹೊರಗಿನ ಪೆಟ್ಟಿಗೆಯ ಮುಚ್ಚಳ ತೆಗೆದರೆ ಕೆಪ್ಯಾಸಿಟರ್ ಕಾಣುತ್ತದೆ. ನಮ್ಮದು ಅಲ್ಯುಮಿನಿಯಂ ಡಬ್ಬಿಯ ಆಕಾರದ್ದು. ಮೇಲೆ 50 ಮೈಕ್ರೊಫ್ಯಾರಡ್, ಹೆಚ್ಚು ಕಡಿಮೆ ನೂರಕ್ಕೆ 5, 440 ವೋಲ್ಟ್ ಎಂದು ಅಚ್ಚಾಗಿತ್ತು. ಅದು ಉಬ್ಬಿರಲಿಲ್ಲ, ಸೋರಿರಲಿಲ್ಲ, ನೋಡಲು ಹೊಸದರಂತೆಯೇ ಇತ್ತು. ಮೆಕ್ಯಾನಿಕ್ ಅದನ್ನು ಸಂಶಯಿಸದಿರಲು ಇದೇ ಕಾರಣವಿರಬೇಕು.

ಈ ಕೆಲಸ ಮನೆಯ ಮಕ್ಕಳದಲ್ಲ ಎಂದು ಪೋಷಕರಿಗೆ ಒತ್ತಿ ಹೇಳುತ್ತೇನೆ. ಕಲಿತವನು, ಇಲ್ಲವೆ ಕಲಿಸುವವನು ಎದುರಿಗೆ ನಿಂತಿರುವಾಗ ಕಲಿಯುತ್ತಿರುವವನು ಮಾಡಬೇಕಾದ್ದು ಇದು. ಕರೆಂಟ್ ತೆಗೆದ ಮೇಲೆಯೂ ಕೆಪ್ಯಾಸಿಟರಿನಲ್ಲಿ ವಿದ್ಯುತ್ತು ಕುಳಿತಿರಬಹುದು. ನಮ್ಮ ಹುಡುಗ ಎಂ.ಸಿ.ಬಿ. ಕೆಳಗಿಳಿಸಿ, 20 ಸಾವಿರ ಓಮ್, 5 ವ್ಯಾಟಿನ ರೆಸಿಸ್ಟರನ್ನು ಅದರ ಎರಡೂ ತುದಿಗಳಿಗೆ ಕೆಲವು ಸೆಕೆಂಡು ಹಿಡಿದ. ರೆಸಿಸ್ಟರಿನ ಕಾಲುಗಳಿಗೆ ಇನ್ಸುಲೇಷನ್ ಇರುವ ಕ್ಲಿಪ್ಪು ಹಾಕಿದ್ದ. ಆಮೇಲೆ ಮೀಟರಿನಿಂದ ವೋಲ್ಟೇಜು ಸೊನ್ನೆಯಾದದ್ದನ್ನು ನೋಡಿಯೇ ಕೈಯಿಟ್ಟ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವುದನ್ನು ನೀವು ನೋಡಿರಬಹುದು. ಅದರಿಂದ ಕೆಪ್ಯಾಸಿಟರೂ ಕೆಡುತ್ತದೆ, ಕಣ್ಣಿಗೂ ಅಪಾಯ.

ಕಂಪ್ರೆಸರಿಗೆ ಮೂರು ತುದಿಗಳಿವೆ: ‘ಸಿ’ ಎಂದರೆ ಎರಡೂ ಸುರುಳಿಗಳಿಗೆ ಸಮಾನವಾದದ್ದು, ‘ಆರ್’ ಎಂದರೆ ಮುಖ್ಯ ಸುರುಳಿ, ‘ಎಸ್’ ಎಂದರೆ ಸಹಾಯಕ ಸುರುಳಿ. ಕೆಪ್ಯಾಸಿಟರಿನಿಂದ ‘ಎಸ್’ಗೆ ಹೋಗುವ ವಯರನ್ನು ಕ್ಲ್ಯಾಂಪ್ ಮೀಟರಿನ ಬಾಯಿಗೆ ಕೊಡಬೇಕು. ಆರಿಸುವಾಗ ಎಚ್ಚರವಿರಲಿ. ಕೆಪ್ಯಾಸಿಟರಿನ ಇನ್ನೊಂದು ತುದಿಯಲ್ಲಿ ಬೇರೆ ವಯರುಗಳೂ ಕೂಡಿರುತ್ತವೆ. ಅಲ್ಲಿ ಅಳೆದರೆ ನಾಲ್ಕು ಹೊಲದ ನೀರು ಕೂಡಿದ ಕಾಲುವೆಯಲ್ಲಿ ಒಂದು ಹೊಲದ ನೀರನ್ನು ಅಳೆದ ಹಾಗಾಗುತ್ತದೆ. ಬಣ್ಣ ನೋಡಿ ನಂಬಬೇಡಿ. ಹತ್ತು ವರ್ಷದ ಯಂತ್ರದಲ್ಲಿ ಯಾರು ಯಾವ ವಯರು ಬದಲಿಸಿದ್ದಾರೋ! ತುದಿಯಿಂದ ತುದಿಗೆ ಕಣ್ಣಿನಿಂದ ಹಿಂಬಾಲಿಸಿ ನೋಡಬೇಕು.

ಕೆಪ್ಯಾಸಿಟರಿನ ಎರಡು ತುದಿಗಳಿಗೆ ಇನ್ನೊಂದು ಮೀಟರಿನ ಮೊಸಳೆ ಕ್ಲಿಪ್ಪುಗಳನ್ನು ಕಚ್ಚಿಸಿ, ಅದನ್ನು 600 ವೋಲ್ಟಿನ ಏ.ಸಿ. ರೇಂಜಿಗಿಟ್ಟೆವು. ಇದೆಲ್ಲ ಕರೆಂಟ್ ಬಂದ್ ಇದ್ದಾಗಲೇ ಆಗಬೇಕು. ಆಮೇಲೆ ಕೈ ತೆಗೆದು, ದೂರ ನಿಂತು ಯಂತ್ರ ಚಾಲೂ ಮಾಡಿದೆವು. ಬೆಳಗಿನ ತಂಪು ಇನ್ನೂ ಪೂರ್ತಿ ಹೋಗಿರಲಿಲ್ಲ, ಶುರುವಾಯಿತು. ಹದಕ್ಕೆ ಬಂದ ಮೇಲೆ ಕ್ಲ್ಯಾಂಪ್ ಮೀಟರಿನಲ್ಲಿ 2.9 ಆಂಪಿಯರ್, ಇನ್ನೊಂದರಲ್ಲಿ 305 ವೋಲ್ಟ್.

“ಮಾಮಾ, ಮನಿಗೆ ಬರೋದ 224, ಇಲ್ಲಿ 305 ಹೆಂಗ?” ಎಂದು ಅಕ್ಕನ ಮಗಳು ಕೇಳಿದಳು. ಪ್ರಶ್ನೆ ಒಳ್ಳೆಯದೇ. ಸುರುಳಿ ಮತ್ತು ಕೆಪ್ಯಾಸಿಟರ್ ಒಂದೇ ದಾರಿಯಲ್ಲಿದ್ದಾಗ ಅವುಗಳ ವೋಲ್ಟೇಜುಗಳು ಒಂದಕ್ಕೊಂದು ಎದುರು ದಿಕ್ಕಿಗೆ ಎಳೆಯುತ್ತವೆ. ಆದ್ದರಿಂದ ಬಿಡಿಬಿಡಿಯಾಗಿ ನೋಡಿದರೆ ಅವು ಒಳಬರುವ ವೋಲ್ಟೇಜಿಗಿಂತ ಹೆಚ್ಚಿರಬಹುದು. ಕೆಪ್ಯಾಸಿಟರಿನ ಮೇಲೆ 440 ವೋಲ್ಟ್ ಎಂದು ಬರೆದಿರುವುದು ಅದಕ್ಕೇ.

ಇನ್ನು ಲೆಕ್ಕ. ಕೆಪ್ಯಾಸಿಟರಿನ ಮೂಲಕ ಹರಿಯುವ ವಿದ್ಯುತ್ತು ಅದರ ಅಳತೆಗೂ, ಅದರ ಮೇಲಿನ ವೋಲ್ಟೇಜಿಗೂ, ಕರೆಂಟಿನ ಆವರ್ತನಕ್ಕೂ ನೇರ ಅನುಪಾತದಲ್ಲಿರುತ್ತದೆ. ನಮ್ಮಲ್ಲಿ ಆವರ್ತನ 50 ಹರ್ಟ್ಜ್. ಎರಡು ಪೈ ಗುಣಿಸು 50 ಎಂದರೆ ಸುಮಾರು 314.16. ಹತ್ತು ಲಕ್ಷವನ್ನು ಇದರಿಂದ ಭಾಗಿಸಿದರೆ 3183. ಹಾಗಾಗಿ ಸೂತ್ರ ಇಷ್ಟೇ:

ಮೈಕ್ರೊಫ್ಯಾರಡ್ = 3183 × ಆಂಪಿಯರ್ ÷ ವೋಲ್ಟ್

ನಮ್ಮ ಅಂಕಿಗಳನ್ನು ಹಾಕಿ. 3183 ಗುಣಿಸು 2.9 ಎಂದರೆ ಸುಮಾರು 9231. ಅದನ್ನು 305ರಿಂದ ಭಾಗಿಸಿದರೆ 30.3. ಡಬ್ಬಿಯ ಮೇಲೆ ಬರೆದದ್ದು 50, ಒಳಗೆ ಉಳಿದದ್ದು 30. ನೂರಕ್ಕೆ 40ರಷ್ಟು ಕಾಣೆಯಾಗಿತ್ತು! ಹೇಳಿದ ಅಳತೆಗಿಂತ ನೂರಕ್ಕೆ 10ರಷ್ಟು ಇಳಿದಿದ್ದರೇ ಬದಲಿಸುವುದು ಕಸುಬಿನವರ ರೂಢಿ.

ಮತ್ತೆ ಕರೆಂಟ್ ಬಂದ್ ಮಾಡಿ, ರೆಸಿಸ್ಟರ್ ಹಿಡಿದು, ವಯರು ಬಿಡಿಸಿ, ಮೀಟರಿನ ಕೆಪ್ಯಾಸಿಟರ್ ರೇಂಜಿನಲ್ಲಿಯೂ ಅಳೆದೆವು. 31 ತೋರಿಸಿತು. ಹಾಗಾದರೆ ಮೊದಲೇ ಬಿಡಿಸಿ ಅಳೆಯಬಹುದಿತ್ತಲ್ಲ ಎನ್ನುತ್ತೀರಿ. ಅಳೆಯಬಹುದು. ಆದರೆ ಆ ರೇಂಜ್ ಒಂದೆರಡು ವೋಲ್ಟಿನಲ್ಲಿ ಅಳೆಯುತ್ತದೆ. ಕೆಲವು ಕೆಪ್ಯಾಸಿಟರುಗಳು ತಣ್ಣಗಿದ್ದಾಗ ಸರಿಯಾಗಿಯೇ ತೋರಿಸಿ, ಬಿಸಿಯಾಗಿ 300 ವೋಲ್ಟು ಮೈಮೇಲೆ ಬಿದ್ದಾಗ ಸೋಲುತ್ತವೆ. ದುಡಿಯುವಾಗಲೇ ಅಳೆದರೆ ಅಂಥವು ಸಿಕ್ಕಿಬೀಳುತ್ತವೆ.

ಉಬ್ಬದೆ, ಸೋರದೆ ಇಷ್ಟು ಹೇಗೆ ಸೊರಗಿತು? ಈ ಕೆಪ್ಯಾಸಿಟರಿನೊಳಗೆ ಪ್ಲಾಸ್ಟಿಕ್ ಹಾಳೆಯ ಮೇಲೆ ಬಲು ತೆಳ್ಳಗೆ ಲೋಹ ಲೇಪಿಸಿ ಸುತ್ತಿರುತ್ತಾರೆ. ಎಲ್ಲಾದರೂ ಹಾಳೆ ತೂತಾದರೆ ಅಲ್ಲಿನ ಲೋಹ ಕ್ಷಣದಲ್ಲಿ ಆವಿಯಾಗಿ, ತೂತು ತಾನೇ ಬೇರ್ಪಡುತ್ತದೆ, ಕೆಲಸ ನಿಲ್ಲುವುದಿಲ್ಲ. ಆದರೆ ಪ್ರತಿಸಲವೂ ಲೋಹದ ಒಂದು ಚುಕ್ಕಿ ಕಳೆದುಹೋಗುತ್ತದೆ. ವೋಲ್ಟೇಜು ಜಿಗಿದಾಗ, ಬಿಸಿಲಿಗೆ ಕಾದಾಗ ಇಂಥ ತೂತುಗಳು ಹೆಚ್ಚು. ಅಕ್ಕನ ಮನೆಯ ಹೊರಗಿನ ಪೆಟ್ಟಿಗೆ ಪಡುವಣ ಗೋಡೆಯ ಮೇಲಿತ್ತು. ಹತ್ತು ಬೇಸಿಗೆಯ ಇಳಿಬಿಸಿಲು ಅದಕ್ಕೆ ತಾಗಿತ್ತು.

ಬದಲಿಸಿದ ಮೇಲೆ

ಹುಡುಗ ಇಳಕಲ್ಲಿಗೆ ಹೋಗಿ ಹೊಸ ಕೆಪ್ಯಾಸಿಟರ್ ತಂದ. ಖರ್ಚು ಕೆಲವು ನೂರು ರೂಪಾಯಿ. ಅಂಗಡಿಯವರು, “50 ಯಾಕ, 60 ಹಾಕ್ರಿ, ಜೋರ ಎಳೀತದ” ಎಂದರಂತೆ. ಅದನ್ನು ಅವನು ಕೇಳಲಿಲ್ಲ, ಒಳ್ಳೆಯದಾಯಿತು. ಅಳತೆ ಮೀರಿದರೆ ಸಹಾಯಕ ಸುರುಳಿಯಲ್ಲಿ ವಿದ್ಯುತ್ತು ಮಿತಿಮೀರಿ ಹರಿದು, ಶುರುವಾಗುವುದೇನೋ ಜೋರಾಗಿ ಆಗುತ್ತದೆ, ಆದರೆ ದಿನವಿಡೀ ಸುರುಳಿ ಬಿಸಿಯಾಗಿ ಕೊನೆಗೆ ಸುಡುತ್ತದೆ. ಅಳತೆ ಅಷ್ಟೇ ಇರಬೇಕು. ವೋಲ್ಟೇಜಿನ ಅಂಕಿ ಮಾತ್ರ ಹಳೆಯದರಷ್ಟು ಅಥವಾ ಅದಕ್ಕಿಂತ ಹೆಚ್ಚಿರಬಹುದು, ಕಡಿಮೆ ಇರಬಾರದು.

ಹಾಕಿ ಮತ್ತೆ ಅಳೆದೆವು. ಕೆಪ್ಯಾಸಿಟರಿನ ವಯರಿನಲ್ಲಿ 5.2 ಆಂಪಿಯರ್, ಅದರ ಮೇಲೆ 325 ವೋಲ್ಟ್. ಲೆಕ್ಕ ಹಾಕಿದರೆ 51 ಮೈಕ್ರೊಫ್ಯಾರಡ್, ಅಂದರೆ ಹೇಳಿದ ಮಿತಿಯೊಳಗೆ. ಮುಖ್ಯ ಫೇಸ್ ವಯರಿನಲ್ಲಿ 8.9 ಇದ್ದದ್ದು 7.5ಕ್ಕೆ ಬಂದಿತು. ಸಹಾಯಕ ಸುರುಳಿಯಲ್ಲಿ ಆಂಪಿಯರ್ ಏರಿತು, ಒಟ್ಟು ಆಂಪಿಯರ್ ಇಳಿಯಿತು! ಇಬ್ಬರೂ ಸರಿಯಾಗಿ ಕೈಗೂಡಿಸಿದರೆ ಒಬ್ಬಳ ರೆಟ್ಟೆ ನೋಯುವುದಿಲ್ಲವಲ್ಲ, ಹಾಗೆ.

ಶುರುವಾಗುವ ಕ್ಷಣವನ್ನೂ ನೋಡಿದೆವು. ಮೊದಲು ಹಿಂದಿನ ದಿನ ಮಧ್ಯಾಹ್ನದ ಮಾತು: ಶುರುವಾಗದೆ ಗುಂಯ್‌ಗುಡುವಾಗ ಮೀಟರು 38 ಆಂಪಿಯರ್ ತೋರಿಸಿ ನಾಲ್ಕೈದು ಸೆಕೆಂಡು ಅಲ್ಲಿಯೇ ನಿಂತಿತ್ತು ಎಂದು ಹುಡುಗ ಬರೆದಿಟ್ಟುಕೊಂಡಿದ್ದ. ತಿರುಗದೆ ನಿಂತ ಮೋಟರು ತನ್ನ ಸಾಮಾನ್ಯ ಆಂಪಿಯರಿನ ನಾಲ್ಕೈದು ಪಟ್ಟು ಎಳೆಯುವುದು ಸಹಜ. ಕೊನೆಗೆ ಬಿಸಿಯ ರಕ್ಷಕ ‘ಟಕ್’ ಎಂದು ಕಡಿಯುತ್ತದೆ, ತಣ್ಣಗಾದ ಮೇಲೆ ಮತ್ತೆ ಕೂಡುತ್ತದೆ. ಈಗ ಮಾತ್ರ ಅಂಕಿ ಒಮ್ಮೆ ಜಿಗಿದು ಸೆಕೆಂಡಿನೊಳಗೆ ಇಳಿದುಬಿಟ್ಟಿತು. ಇನ್ನೂ ಖಾತ್ರಿಯಾಗಲೆಂದು ಮಧ್ಯಾಹ್ನ ಮೂರು ಗಂಟೆಯವರೆಗೆ ಕಾದೆವು. ಹೊರಗೆ 41 ಡಿಗ್ರಿ. ಮುಖ್ಯ ವಯರಿನಲ್ಲಿ 8.1 ಆಂಪಿಯರ್, ಕೋಣೆಯಲ್ಲಿ ಒಳ್ಳೆಯ ತಂಪು. ಆ ಬಿಸಿಲಿಗೆ ಆ ಅಂಕಿ ನ್ಯಾಯವಾದದ್ದೇ. ಕಂಪ್ರೆಸರ್ ಗಟ್ಟಿಯಿದೆ ಎಂದು ಆಗ ಹೇಳಿದೆವು, ಅದಕ್ಕೆ ಮೊದಲಲ್ಲ.

ಕಂಪ್ರೆಸರ್ ನಿಜವಾಗಿ ಹೋಗಿದ್ದರೆ?

ಹೊಸ ಕೆಪ್ಯಾಸಿಟರ್ ಹಾಕಿದ ಮೇಲೆಯೂ ಅದು ಗುಂಯ್‌ಗುಟ್ಟಿದ್ದರೆ? ಆಗ ಇನ್ನೊಂದು ಪರೀಕ್ಷೆ ಉಳಿದಿರುತ್ತಿತ್ತು: ಗುಂಯ್‌ಗುಡುವ ಆ ನಾಲ್ಕು ಸೆಕೆಂಡಿನಲ್ಲಿ ಯಂತ್ರದ ತುದಿಯಲ್ಲಿಯೇ ವೋಲ್ಟೇಜು ಎಷ್ಟಿದೆ ಎಂದು ನೋಡುವುದು. ಸುಮ್ಮನಿದ್ದಾಗ 225 ಇದ್ದದ್ದು, ವಯರು ಸಣ್ಣದಿದ್ದರೆ, ಆ 38 ಆಂಪಿಯರಿನ ಎಳೆತಕ್ಕೆ 180ಕ್ಕೆ ಕುಸಿಯಬಹುದು. ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಅನುಪಾತವಾಗಿರುತ್ತದೆ. 180ನ್ನು 230ರಿಂದ ಭಾಗಿಸಿ ವರ್ಗ ಮಾಡಿದರೆ 0.61. ಅಂದರೆ ಬಲದಲ್ಲಿ ನೂರಕ್ಕೆ 39ರಷ್ಟು ಹೋಯಿತು. ಕೆಪ್ಯಾಸಿಟರೂ ಕಂಪ್ರೆಸರೂ ಎರಡೂ ಗಟ್ಟಿಯಿದ್ದು, ದೋಷ ವಯರಿನದಾಗಿರುವುದು ಹೀಗೆ. ಕೆಪ್ಯಾಸಿಟರ್ ಸರಿಯಿದ್ದು, ಆ ಕ್ಷಣದ ವೋಲ್ಟೇಜೂ ಸರಿಯಿದ್ದು, ಒತ್ತಡ ಸಮನಾಗಲು ಹತ್ತು ನಿಮಿಷ ಬಿಟ್ಟ ಮೇಲೂ ತಿರುಗದಿದ್ದರೆ ಕಂಪ್ರೆಸರ್ ಒಳಗೆ ಹಿಡಿದುಕೊಂಡಿದೆ, ಇಲ್ಲವೆ ಸುರುಳಿ ಕೆಟ್ಟಿದೆ ಎನ್ನಬಹುದು.

ಇದಕ್ಕೆ ತದ್ವಿರುದ್ಧವಾದ ಸಂದರ್ಭವೂ ಉಂಟು. ಯಂತ್ರ ನಡೆಯುತ್ತದೆ, ತಂಪು ಬರುವುದಿಲ್ಲ, ಆಂಪಿಯರ್ ಪಟ್ಟಿಗಿಂತ ಬಹಳ ಕಡಿಮೆ, ಏಳೂ ಮುಕ್ಕಾಲಿರಬೇಕಾದಲ್ಲಿ ನಾಲ್ಕೂವರೆ. ಕಡಿಮೆ ಆಂಪಿಯರ್ ಎಂದರೆ ಆರೋಗ್ಯವಲ್ಲ, ಕಂಪ್ರೆಸರಿಗೆ ಕೆಲಸವೇ ಇಲ್ಲ ಎಂದರ್ಥ. ಗ್ಯಾಸ್ ಸೋರಿ ಹೋಗಿರಬಹುದು, ಅಥವಾ ಕಂಪ್ರೆಸರ್ ಒಳಗೆ ಸವೆದು ಒತ್ತಲಾರದೆ ಹೋಗಿರಬಹುದು. ಇವೆರಡನ್ನೂ ಬೇರೆ ಮಾಡಿ ಹೇಳುವುದು ಕ್ಲ್ಯಾಂಪ್ ಮೀಟರಿನಿಂದ ಆಗದು. ಅದಕ್ಕೆ ಒತ್ತಡದ ಗೇಜು ಬೇಕು. ಪೈಪಿನ ಜೋಡಣೆಯ ಬಳಿ ಎಣ್ಣೆಯ ಕಲೆಯಿದ್ದರೆ ಸೋರಿಕೆಯ ಕಡೆಗೆ ಬೆರಳು ತೋರುತ್ತದೆ. ಗ್ಯಾಸ್ ಸರಿಯಿದ್ದೂ ಎರಡು ಕಡೆಯ ಒತ್ತಡಗಳು ಹತ್ತಿರ ಹತ್ತಿರವೇ ನಿಂತರೆ ಕಂಪ್ರೆಸರಿನ ಕಡೆಗೆ.

ಇನ್ನೊಂದು ಮಿತಿಯನ್ನು ಮರೆಯಬಾರದು. ಇದೆಲ್ಲ ಒಂದೇ ವೇಗದಲ್ಲಿ ನಡೆಯುವ ಏ.ಸಿ.ಗಳ ಮಾತು. ಈಗ ಹೆಚ್ಚಾಗಿ ಮಾರಾಟವಾಗುವ ಇನ್ವರ್ಟರ್ ಏ.ಸಿ.ಗಳಲ್ಲಿ ಕಂಪ್ರೆಸರಿಗೆ ಇಂಥ ಕೆಪ್ಯಾಸಿಟರೇ ಇಲ್ಲ. ಅವುಗಳ ಆಂಪಿಯರ್ ಬೇಕೆಂದೇ ಏರಿಳಿಯುತ್ತದೆ, ಕೋಣೆ ತಂಪಾದರೆ ಎರಡು ಆಂಪಿಯರಿಗೂ ಇಳಿಯುತ್ತದೆ. ಅವುಗಳ ಹೊರಗಿನ ಪೆಟ್ಟಿಗೆಯ ಎಲೆಕ್ಟ್ರಾನಿಕ್ ಬೋರ್ಡಿನಲ್ಲಿ ಬೇರೆ ಬಗೆಯ ದೊಡ್ಡ ಕೆಪ್ಯಾಸಿಟರುಗಳಿದ್ದು, ಕರೆಂಟ್ ತೆಗೆದು ಹಲವು ನಿಮಿಷದ ಮೇಲೂ ಪ್ರಾಣಾಪಾಯದಷ್ಟು ವಿದ್ಯುತ್ತು ಅವುಗಳಲ್ಲಿ ಇರಬಹುದು. ಅವನ್ನು ಆ ಕೆಲಸದಲ್ಲಿ ಪಳಗಿದವರಿಗೇ ಬಿಡಿ.

ಪೋಷಕರು ಮೆಕ್ಯಾನಿಕ್‌ನೊಡನೆ ಜಗಳವಾಡಬೇಕಿಲ್ಲ. ‘ಕಂಪ್ರೆಸರ್ ಹೋಗಿದೆ’ ಎಂದಾಗ ಮೂರು ಅಂಕಿಗಳನ್ನು ಸಮಾಧಾನದಿಂದ ಕೇಳಿ ಬರೆದುಕೊಳ್ಳಿ: ಶುರುವಾಗುವಾಗ ವೋಲ್ಟೇಜು ಎಷ್ಟಿತ್ತು, ಪಟ್ಟಿಯ ಆಂಪಿಯರ್ ಎಷ್ಟು ಮತ್ತು ಅಳೆದದ್ದು ಎಷ್ಟು, ಕೆಪ್ಯಾಸಿಟರ್ ಅಳೆದಾಗ ಎಷ್ಟು ಬಂತು. ಮೂರನ್ನೂ ಅಳೆದ ಮೆಕ್ಯಾನಿಕ್ ಸಂತೋಷದಿಂದ ಹೇಳುತ್ತಾನೆ. ಅಳೆಯದವನು ಇನ್ನೊಮ್ಮೆ ಮೀಟರು ತೆಗೆಯುತ್ತಾನೆ.

ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. ಒಂದು ಟನ್ನಿನ ಏ.ಸಿ.ಯ ಕೆಪ್ಯಾಸಿಟರಿನ ಮೇಲೆ 36 ಮೈಕ್ರೊಫ್ಯಾರಡ್ ಎಂದಿದೆ. ನಡೆಯುವಾಗ ಅದರ ವಯರಿನಲ್ಲಿ 3.4 ಆಂಪಿಯರ್, ತುದಿಗಳ ನಡುವೆ 318 ವೋಲ್ಟ್. ಬದಲಿಸಬೇಕೆ? ನಿಮ್ಮ ಲೆಕ್ಕ ಸುಮಾರು 34 ಎಂದು ಬಂದಿದ್ದರೆ ಸರಿ. ನೂರಕ್ಕೆ ಐದಾರರಷ್ಟು ಇಳಿದಿದೆ, ಈಗಲೇ ಬದಲಿಸಬೇಕಿಲ್ಲ. ಮುಂದಿನ ಬೇಸಿಗೆಗೆ ಮೊದಲು ಇನ್ನೊಮ್ಮೆ ಅಳೆದು ನೋಡಿದರೆ ಸಾಕು.

ಅಕ್ಕನ ಮಗಳ ಫೀಜಿನ ದುಡ್ಡು ಕಾಲೇಜಿಗೇ ಹೋಯಿತು. ಆ ಸಂಜೆ ಹಿರಿಯರ ಕೋಣೆಯಲ್ಲಿ ಕುಳಿತು ಚಹಾ ಕುಡಿಯುವಾಗ ಬಾವನವರು ಹಳೆಯ ಡಬ್ಬಿಯನ್ನು ಕೈಯಲ್ಲಿ ತಿರುಗಿಸಿ ನೋಡಿ, “ಮ್ಯಾಲ ನೋಡಿದ್ರ ಏನೂ ಆಗಿಲ್ಲ ಅನ್ನಂಗೈತಿ” ಎಂದರು. ಅದರ ಮೇಲೆ ಹುಡುಗ ಸ್ಕೆಚ್ ಪೆನ್ನಿನಿಂದ 30 ಎಂದು ಬರೆದು, ತನ್ನ ಐ.ಟಿ.ಐ.ಯ ಗೆಳೆಯರಿಗೆ ತೋರಿಸಲು ಚೀಲಕ್ಕೆ ಹಾಕಿಕೊಂಡ.